ಕೆಳಗೆ ತಿರುಗಿಸಿದರೆ ಪುಟ ಮೇಲಕ್ಕೆ ಹಾರುತ್ತದೆ: ವೀಲ್ ಎನ್‌ಕೋಡರ್ ತೊಳೆದರೆ ಸಾಕಾ, ಬದಲಾಯಿಸಲೇಬೇಕಾ?

ಕಾಫಿಲೆಕ್ಕ (ಮೂಡಿಗೆರೆ)
ಎಲ್ಲರಿಗೂ ನಮಸ್ಕಾರ. ತೋಟದ ಆಫೀಸಿನಲ್ಲಿ ಒಂದು ವೈರ್ ಮೌಸ್ ಇದೆ. ಹಳೆಯದು, ಆದರೆ ಕೈಗೆ ಚೆನ್ನಾಗಿ ಒಗ್ಗಿದೆ. ಹಾಜರಿ, ಡೀಸೆಲ್ ಖರ್ಚು, ಗೊಬ್ಬರದ ಲೆಕ್ಕ ಎಲ್ಲ ಉದ್ದುದ್ದ ಶೀಟುಗಳು. ಈಗ ವೀಲನ್ನು ಕೆಳಗೆ ತಿರುಗಿಸಿದರೆ ಸ್ವಲ್ಪ ಇಳಿದು ಮತ್ತೆ ಮೇಲಕ್ಕೆ ಹಾರುತ್ತದೆ. ನಿಧಾನಕ್ಕೆ ತಿರುಗಿಸಿದರೆ ಕಾಟ ಜಾಸ್ತಿ. ಎಡ, ಬಲ ಕ್ಲಿಕ್ ಎರಡೂ ಸರಿ ಇವೆ, ಬಾಣವೂ ಸರಿಯಾಗಿ ಓಡುತ್ತದೆ. ಈ ಮಳೆಗಾಲದಲ್ಲೇ ಶುರುವಾಗಿದ್ದು. ಇದನ್ನು ರಿಪೇರಿ ಮಾಡಬಹುದಾ?

ಕಡೂರ್‌ಬಸ್
ಹೊಸದು ತಗೊಳ್ಳಿ ಸರ್. ಮೌಸಿಗೂ ರಿಪೇರಿನಾ?

ಅರಸೀಕೆರೆಗಾಳಿ
ಇದು ಡ್ರೈವರ್ ಸಮಸ್ಯೆ. ಡಿವೈಸ್ ಮ್ಯಾನೇಜರಿನಲ್ಲಿ ಮೌಸನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಿತ್ತು ಮತ್ತೆ ಚುಚ್ಚಿ. ನನಗೆ ಹಾಗೇ ಸರಿಹೋಗಿತ್ತು. ಆಗದಿದ್ದರೆ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ.

ಕಾಫಿಲೆಕ್ಕ
ಮಗಳ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಅಲ್ಲೂ ಅದೇ ಹಾರಾಟ.

ಸೋಲ್ಡರ್‌ಹೊಗೆ (ಹಾಸನ)
ಹಾಗಿದ್ದರೆ ಡ್ರೈವರ್ ಮಾತು ಬಿಡಬಹುದು. ತೊಂದರೆ ಮೌಸಿನ ಒಳಗೇ ಇದೆ. ನಾನು ಹಾಸನದಲ್ಲಿ ರಿಪೇರಿ ಕೆಲಸ ಮಾಡುತ್ತೇನೆ, ಈ ಕೇಸು ಆಗಾಗ ಟೇಬಲಿಗೆ ಬರುತ್ತದೆ.

ವೀಲಿನ ಅಕ್ಷದ ಒಂದು ತುದಿ ಸಣ್ಣ ಚೌಕದ ಡಬ್ಬಿಯಂಥ ಭಾಗದೊಳಗೆ ಕೂತಿರುತ್ತದೆ. ಅದೇ ಎನ್‌ಕೋಡರ್. ಅದಕ್ಕೆ ಮೂರು ಕಾಲು. ಒಂದು ಕಾಮನ್, ಉಳಿದೆರಡು ಸಿಗ್ನಲ್. ಒಳಗೆ ತೆಳು ತಗಡಿನ ಬೆರಳುಗಳು ತಿರುಗುತ್ತಾ ಒಂದು ಪಟ್ಟಿಯ ಮೇಲೆ ಉಜ್ಜುತ್ತವೆ. ಎರಡು ಸಿಗ್ನಲ್ ಒಟ್ಟಿಗೆ ಬರುವುದಿಲ್ಲ, ಒಂದು ಸ್ವಲ್ಪ ಮೊದಲು, ಇನ್ನೊಂದು ಸ್ವಲ್ಪ ಆಮೇಲೆ. ಬಾಗಿಲಲ್ಲಿ ಇಬ್ಬರು ಬಂದರೆ ಯಾರು ಮೊದಲು ಕಾಲಿಟ್ಟರು ಎಂದು ನೋಡುವ ಹಾಗೆ, ಯಾವ ಸಿಗ್ನಲ್ ಮೊದಲು ಬಂತು ಎಂದು ನೋಡಿ ಮೌಸಿನೊಳಗಿನ ಚಿಪ್ ದಿಕ್ಕು ತೀರ್ಮಾನಿಸುತ್ತದೆ. ಒಂದು ಸಂಪರ್ಕ ಮಧ್ಯೆ ತಪ್ಪಿದರೆ ಅಥವಾ ಅದುರಿದರೆ ಚಿಪ್‌ಗೆ ಕ್ರಮ ತಿರುಗು ಮುರುಗಾಗಿ ಕಾಣುತ್ತದೆ. ಆಗಲೇ ಪುಟ ಹಿಂದಕ್ಕೆ ಹಾರುವುದು.

ನಿಧಾನಕ್ಕೆ ತಿರುಗಿಸಿದರೆ ಜಾಸ್ತಿ ಅಂತ ಬರೆದಿದ್ದೀರಲ್ಲ, ಅದೂ ಸರಿಯಾಗಿ ಹೊಂದುತ್ತದೆ. ನಿಧಾನಕ್ಕೆ ಹೋದಾಗ ಬೆರಳು ಪಟ್ಟಿಯ ಅಂಚಿನ ಮೇಲೆ ಜಾಸ್ತಿ ಹೊತ್ತು ನಿಂತಿರುತ್ತದೆ. ಅದುರುವುದು ಅಲ್ಲೇ.

ಬೇಲೂರುಮೇಡಂ
ನನ್ನದೂ ಇದೇ ಸಮಸ್ಯೆ! ವೀಲನ್ನು ಒತ್ತಿದರೆ ಲಿಂಕ್ ಹೊಸ ಟ್ಯಾಬಿನಲ್ಲಿ ತೆರೆಯುವುದಿಲ್ಲ. ಗಟ್ಟಿಯಾಗಿ ಒತ್ತಿದರೆ ಒಮ್ಮೊಮ್ಮೆ ಆಗುತ್ತದೆ. ಇದಕ್ಕೂ ಎನ್‌ಕೋಡರ್ ಬದಲಾಯಿಸಬೇಕಾ?

ಸೋಲ್ಡರ್‌ಹೊಗೆ
ಇಲ್ಲ ಮೇಡಂ, ನಿಮ್ಮದು ಬೇರೆ ಭಾಗ. ಅಕ್ಷದ ಇನ್ನೊಂದು ತುದಿಯ ಕೆಳಗೆ ಒಂದು ಪುಟ್ಟ ಒತ್ತು ಸ್ವಿಚ್ ಇರುತ್ತದೆ. ವೀಲ್ ಒತ್ತಿದಾಗ ಅಕ್ಷ ಅದರ ಮೇಲೆ ಕೂರುತ್ತದೆ. ನಿಮ್ಮ ಸ್ಕ್ರೋಲ್ ಸರಿ ಇದೆ ಅಂದರೆ ಎನ್‌ಕೋಡರಿಗೆ ಕೈ ಹಾಕಬೇಡಿ.

ಹೆತ್ತೂರುಗೇಮರ್ (ಸಕಲೇಶಪುರ)
ಕಾಫಿಲೆಕ್ಕ ಸರ್, ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ ಒಂದು ಸಲಕ್ಕೆ 3 ಸಾಲು ಅಂತ ಇರುತ್ತದೆ. ಅದನ್ನು 1 ಮಾಡಿ. ಶೀಟಿನಲ್ಲಿ ಒಂದೊಂದೇ ಟಕ್ ಎಣಿಸುತ್ತಾ ತಿರುಗಿಸಿ. ಒಂದು ಟಕ್ಕಿಗೆ ಒಂದು ಸಾಲು ಇಳಿಯಬೇಕು. ಎಲ್ಲಿ ತಪ್ಪುತ್ತದೆ ಎಂದು ಆಗ ಕಣ್ಣಿಗೆ ಕಾಣುತ್ತದೆ.

ನನ್ನ ಹಾಗೆ ಲಿನಕ್ಸ್ ಇರುವವರು ಇದನ್ನು ಓಡಿಸಿ, ಬರುವ ಸಣ್ಣ ಕಿಟಕಿಯ ಮೇಲೆ ಬಾಣ ಇಟ್ಟು ವೀಲ್ ತಿರುಗಿಸಬಹುದು:

```
xev -event button
```

ಕೆಳಗೆ ತಿರುಗಿಸಿದರೆ ಬರೀ `button 5` ಬರಬೇಕು. ಮಧ್ಯೆ `button 4` ನುಸುಳಿದರೆ ಅದು ಮೇಲಕ್ಕೆ ಹಾರಿದ್ದು. ಒಂದು ಟಕ್ಕಿಗೆ ಒತ್ತಿದ್ದು, ಬಿಟ್ಟಿದ್ದು ಅಂತ ಎರಡು ಸಲ ಬರುತ್ತದೆ, ಅದಕ್ಕೆ ಹೆದರಬೇಡಿ.

ಕಾಫಿಲೆಕ್ಕ
1 ಸಾಲಿಗೆ ಇಟ್ಟು ನೋಡಿದೆ. ಕೆಲವು ಟಕ್ಕಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ಮೇಲೆ ಹೋಗುತ್ತದೆ. ಮೇಲಕ್ಕೆ ತಿರುಗಿಸಿದಾಗಲೂ ಹಾಗೇ, ಮಧ್ಯೆ ಕೆಳಗೆ ಬೀಳುತ್ತದೆ. ವೀಲನ್ನು ಎಡಗಡೆಗೆ ಸ್ವಲ್ಪ ಒತ್ತಿ ಹಿಡಿದು ತಿರುಗಿಸಿದರೆ ಮಾತ್ರ ಸುಮಾರಾಗಿ ಸರಿ ಇರುತ್ತದೆ. ಇದು ವಿಚಿತ್ರ ಅಲ್ವಾ?

ಅರಸೀಕೆರೆಗಾಳಿ
ಸರಿ, ಡ್ರೈವರ್ ಅಲ್ಲ, ಒಪ್ಪಿದೆ. ಹಾಗಾದರೆ ಬಿಚ್ಚುವುದೇ ಬೇಡ. ವೀಲಿನ ಸಂದಿಯಿಂದ ಡಬ್ಲ್ಯೂಡಿ-40 ಹೊಡೆಯಿರಿ, ಜೋರಾಗಿ ತಿರುಗಿಸಿ. ಕೂಡಲೇ ಸರಿಯಾಗುತ್ತದೆ. ಗ್ಯಾರಂಟಿ.

ಸೋಲ್ಡರ್‌ಹೊಗೆ
ಕೂಡಲೇ ಸರಿಯಾಗುವುದು ನಿಜ. ಗ್ಯಾರಂಟಿ ಮಾತ್ರ ಬೇಡ. ನೀಲಿ ಡಬ್ಬಿಯ ಮಾಮೂಲಿ ಡಬ್ಲ್ಯೂಡಿ-40 ಎಣ್ಣೆಯ ಪೊರೆ ಬಿಡುತ್ತದೆ. ಆ ಪೊರೆ ಧೂಳು ಹಿಡಿಯುತ್ತದೆ. ಸಂದಿಯಿಂದ ಹೊಡೆದರೆ ಅದು ಕೆಳಗಿನ ಸೆನ್ಸರಿನ ಲೆನ್ಸಿಗೂ ಇಳಿಯಬಹುದು. ಹಾಗಾದರೆ ಬಾಣವೂ ಸರಿಯಾಗಿ ಓಡುವುದಿಲ್ಲ. ಅದೇ ಹೆಸರಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಅಂತ ಬೇರೆ ಡಬ್ಬಿ ಬರುತ್ತದೆ, ಅದು ಆರಿಹೋಗುತ್ತದೆ. ಅದನ್ನಾದರೂ ಬಿಚ್ಚಿ ಹಾಕುವುದೇ ಸರಿ.

ಎಡಗಡೆ ಒತ್ತಿದರೆ ಸರಿ ಇರುತ್ತದೆ ಎಂಬ ಮಾತು ತುಂಬ ಮುಖ್ಯ. ಬರೀ ಕೊಳೆ ಆಗಿದ್ದರೆ ಸಾಮಾನ್ಯವಾಗಿ ಒತ್ತಿದರೂ ಬಿಟ್ಟರೂ ಹೆಚ್ಚುಕಮ್ಮಿ ಒಂದೇ ಥರ ತಪ್ಪುತ್ತದೆ. ಒತ್ತಿದಾಗ ಸರಿಯಾಗುತ್ತದೆ ಅಂದರೆ ಬೆರಳುಗಳು ಪಟ್ಟಿಗೆ ಸಾಕಷ್ಟು ಒತ್ತಿ ಕೂರುತ್ತಿಲ್ಲ. ಎನ್‌ಕೋಡರಿನ ಮೇಲೆ ಒಂದು ಲೋಹದ ಕವಚ ಇರುತ್ತದೆ. ಅದರ ಕಿವಿಗಳನ್ನು ಪ್ಲಾಸ್ಟಿಕ್ಕಿನ ಮೇಲೆ ಮಡಚಿ ಕೂರಿಸಿರುತ್ತಾರೆ. ವರ್ಷಗಟ್ಟಲೆ ವೀಲ್ ಒತ್ತಿ ತಿರುಗಿಸಿ ಆ ಮಡಿಕೆ ಸಡಿಲವಾಗುತ್ತದೆ. ನಿಮ್ಮದರಲ್ಲಿ ಅದೂ ಇದೆ ಅಂತ ನನ್ನ ಅನುಮಾನ. ಬಿಚ್ಚಿ ನೋಡೋಣ.

ಯುಎಸ್‌ಬಿ ಕಿತ್ತು ಶುರುಮಾಡಿ. ಸ್ಕ್ರೂ ಹೊರಗೆ ಕಾಣದಿದ್ದರೆ ತಳದ ಜಾರುವ ಪಟ್ಟಿಯ ಕೆಳಗೆ ಅಥವಾ ಲೇಬಲ್ಲಿನ ಕೆಳಗೆ ಇರುತ್ತದೆ. ಲೇಬಲ್ ಮೇಲೆ ಬೆರಳು ಒತ್ತಿ ಸವರಿದರೆ ಗುಂಡಿ ಸಿಗುತ್ತದೆ. ಹೇರ್ ಡ್ರೈಯರ್ ಇದ್ದರೆ ಪಟ್ಟಿಗೆ ಸ್ವಲ್ಪ ಬಿಸಿ ಕೊಡಿ, ಅಂಟು ಹಾಳಾಗದೆ ಏಳುತ್ತದೆ. ಮೇಲಿನ ಭಾಗವನ್ನು ಒಮ್ಮೆಲೇ ಎಳೆಯಬೇಡಿ, ಕೆಲವಕ್ಕೆ ಒಳಗೆ ತೆಳು ರಿಬ್ಬನ್ ವೈರು ಇರುತ್ತದೆ. ವೀಲ್ ಎತ್ತುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ.

ಸೈಬರ್‌ಮೂಲೆ (ಚಿಕ್ಕಮಗಳೂರು)
ಒಂದು ಮಾತು ಸೇರಿಸುತ್ತೇನೆ. ನಮ್ಮ ಸೆಂಟರಿನ ಹಳೆಯ ಮೌಸುಗಳಲ್ಲಿ ಈ ಡಬ್ಬಿಯೇ ಇರಲಿಲ್ಲ. ವೀಲಿಗೇ ಹಲ್ಲುಹಲ್ಲಿನ ಕಿಂಡಿಗಳು, ಒಂದು ಪಕ್ಕ ಎಲ್‌ಇಡಿಯಂಥದು, ಇನ್ನೊಂದು ಪಕ್ಕ ಕಪ್ಪು ಸೆನ್ಸರ್. ಕಿಂಡಿಯೊಳಗೆ ಕೂದಲು, ನಾರು ತುಂಬಿಕೊಂಡು ಸ್ಕ್ರೋಲ್ ನಿಂತಿತ್ತು. ಚಿಮ್ಮಟದಲ್ಲಿ ಎಳೆದು, ಬ್ರಷ್ಷಿನಲ್ಲಿ ಗುಡಿಸಿದೆ ಅಷ್ಟೇ. ಇನ್ನೂ ಓಡುತ್ತಿವೆ.

ಸೋಲ್ಡರ್‌ಹೊಗೆ
ಹೌದು, ಅದು ಬೆಳಕಿನ ಥರದ್ದು. ಅಲ್ಲಿ ಉಜ್ಜಿ ಸವೆಯುವ ಲೋಹವೇ ಇಲ್ಲ, ಆದ್ದರಿಂದ ಧೂಳು ತೆಗೆದರೆ ಬಹಳಷ್ಟು ಸಲ ಕೆಲಸ ಮುಗಿಯುತ್ತದೆ. ಬಿಚ್ಚಿದ ಕೂಡಲೇ ಯಾವ ಥರ ಅಂತ ಮೊದಲು ನೋಡಿ.

ಕಾಫಿಲೆಕ್ಕ
ಬಿಚ್ಚಿದೆ. ಸ್ಕ್ರೂ ಲೇಬಲ್ ಕೆಳಗೇ ಇತ್ತು. ಒಳಗೆ ಡಬ್ಬಿ ಥರದ್ದೇ. ಹಸಿರು ಪ್ಲಾಸ್ಟಿಕ್, ಮೇಲೆ ತಗಡು, ನಡುವೆ ಆರು ಮೂಲೆಯ ತೂತು. ವೀಲಿನ ಸುತ್ತ ಕಾಫಿ ಪುಡಿಯಂಥ ಕಸ ಇತ್ತು, ಬ್ರಷ್ಷಿನಲ್ಲಿ ತೆಗೆದೆ. ಈಗ ತೊಳೆಯುವುದು ಯಾವುದರಲ್ಲಿ? ಮನೆಯಲ್ಲಿ ಸ್ಯಾನಿಟೈಸರ್ ಇದೆ.

ಸೋಲ್ಡರ್‌ಹೊಗೆ
ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ, ಒಳಗೆ ಅಂಟಾಗಿ ಉಳಿಯುತ್ತದೆ. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ, 99 ಪರ್ಸೆಂಟಿನದು. ಸಿರಿಂಜಿನಲ್ಲಿ ತೂತಿನ ಅಂಚಿಗೆ ಎರಡು ಮೂರು ಹನಿ ಸಾಕು. ವೀಲನ್ನು ಎರಡೂ ಕಡೆ ಚೆನ್ನಾಗಿ ತಿರುಗಿಸಿ. ಬೋರ್ಡನ್ನು ವಾಲಿಸಿ ಕೊಳೆನೀರು ಬಟ್ಟೆಗೆ ಇಳಿಯುವ ಹಾಗೆ ಮಾಡಿ. ಇನ್ನೊಮ್ಮೆ ಹಾಗೇ ಮಾಡಿ. ಪೂರ್ತಿ ಆರುವ ತನಕ ಯುಎಸ್‌ಬಿ ಚುಚ್ಚಬೇಡಿ. ಒಲೆ ಹತ್ತಿರ, ದೀಪದ ಹತ್ತಿರ ಈ ಕೆಲಸ ಬೇಡ, ಐಪಿಎ ಬೇಗ ಹೊತ್ತಿಕೊಳ್ಳುತ್ತದೆ.

ಜಾಸ್ತಿ ಸುರಿಯಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಒಳಗೆ ಟಕ್ ಟಕ್ ಕೊಡುವ ಸ್ಪ್ರಿಂಗಿಗೆ ಸ್ವಲ್ಪ ಗ್ರೀಸು ಹಾಕಿರುತ್ತಾರೆ. ಅದು ತೊಳೆದುಹೋದರೆ ವೀಲ್ ಒರಟಾಗುತ್ತದೆ, ಕಿರ್ ಅನ್ನುತ್ತದೆ.

ಕಾಫಿಲೆಕ್ಕ
ಭಾನುವಾರ ಪೇಟೆಗೆ ಹೋದಾಗ ಐಪಿಎ ಸಿಕ್ಕಿತು. ನೀವು ಹೇಳಿದ ಹಾಗೇ ಹಾಕಿದೆ. ಸೂಪರ್! ಒಂದು ಟಕ್ಕಿಗೆ ಒಂದು ಸಾಲು, ಎರಡೂ ಕಡೆ. ತುಂಬ ಥ್ಯಾಂಕ್ಸ್.

ಕಡೂರ್‌ಬಸ್
ಪರವಾಗಿಲ್ಲ, ಉಳಿಯಿತು ದುಡ್ಡು.

ಹೆತ್ತೂರುಗೇಮರ್
ಅಭಿನಂದನೆ ಸರ್. ಆದರೂ ಕೆಲವು ದಿನ ಬಿಟ್ಟು ಹೇಗಿದೆ ಅಂತ ಬರೆಯಿರಿ. ನನ್ನದು ತೊಳೆದ ಮೇಲೆ ಸರಿಯಾಗಿ, ಸ್ವಲ್ಪ ದಿನಕ್ಕೆ ವಾಪಸ್ ಅದೇ ಹಾದಿ ಹಿಡಿದಿತ್ತು.

ಕಾಫಿಲೆಕ್ಕ
ಬರೆಯುವ ಹಾಗೇ ಆಯಿತು. ಮತ್ತೆ ಹಾರುತ್ತಿದೆ. ಮೊದಲಿನಷ್ಟು ಇಲ್ಲ, ಆದರೆ ಇದೆ. ಎಡಕ್ಕೆ ಒತ್ತಿದರೆ ಈಗಲೂ ಸರಿ. ಮೂರು ದಿನದಿಂದ ಬಿಡದೆ ಮಳೆ ಬೇರೆ. ತೇವಕ್ಕೆ ಹೀಗಾಗುತ್ತಿದೆಯಾ?

ಅರಸೀಕೆರೆಗಾಳಿ
ಖಂಡಿತ ತೇವ. ಮಲೆನಾಡಿನಲ್ಲಿ ಲೋಹ ಅಂದರೆ ತುಕ್ಕು. ಮೌಸನ್ನು ರಾತ್ರಿ ಅಕ್ಕಿ ಡಬ್ಬಿಯಲ್ಲಿ ಇಡಿ.

ಸೈಬರ್‌ಮೂಲೆ
ಅಕ್ಕಿ ಹಿಟ್ಟು ಒಳಗೆ ಹೋಗಿ ಇನ್ನೊಂದು ರಗಳೆ ಆಗುತ್ತದೆ ಮಾರಾಯರೆ.

ಸೋಲ್ಡರ್‌ಹೊಗೆ
ತೇವದ ಪಾಲು ಸ್ವಲ್ಪ ಇರಬಹುದು. ಲೋಹದ ಮೇಲೆ ಮಬ್ಬು ಕಟ್ಟಿದರೆ ಸಂಪರ್ಕ ಕೆಡುತ್ತದೆ. ಆದರೆ ಅರಸೀಕೆರೆ ಕಡೆಯಿಂದ ಬಂದ ಮೌಸುಗಳೂ ಹೀಗೇ ಹಾರುತ್ತವೆ, ಅಲ್ಲಿ ಎಲ್ಲಿದೆ ಅಷ್ಟು ಮಳೆ? ಊಹೆ ಬಿಡಿ, ಮೀಟರ್ ಇದ್ದರೆ ಅಳೆಯೋಣ. ಪಂಪಿನ ವೈರಿಂಗಿಗೆ ಅಂತ ತೋಟದಲ್ಲಿ ಮಲ್ಟಿಮೀಟರ್ ಇದ್ದೇ ಇರುತ್ತದೆ.

ಕಾಫಿಲೆಕ್ಕ
ಇದೆ ಸರ್. ಪೀಂ ಅನ್ನುವುದೂ ಇದೆ, ಓಮ್ ತೋರಿಸುವುದೂ ಇದೆ. ಮೂರು ಕಾಲಲ್ಲಿ ಕಾಮನ್ ಯಾವುದು ಅಂತ ಗೊತ್ತಾಗುವುದು ಹೇಗೆ?

ಸೋಲ್ಡರ್‌ಹೊಗೆ
ಯುಎಸ್‌ಬಿ ಕಿತ್ತಿರಲಿ. ಪೀಂ ಇಟ್ಟು ಎರಡೆರಡು ಕಾಲನ್ನು ಮುಟ್ಟುತ್ತಾ ವೀಲನ್ನು ಬಹಳ ನಿಧಾನಕ್ಕೆ ತಿರುಗಿಸಿ. ಹೆಚ್ಚಿನ ಮೌಸುಗಳಲ್ಲಿ ಒಂದು ಟಕ್ಕಿನಲ್ಲಿ ಮೂರೂ ಕಾಲು ಸೇರಿರುತ್ತವೆ, ಮುಂದಿನ ಟಕ್ಕಿನಲ್ಲಿ ಮೂರೂ ಬಿಟ್ಟಿರುತ್ತವೆ. ಎರಡು ಟಕ್ಕಿನ ನಡುವೆ ವೀಲನ್ನು ಹಿಡಿದು ನಿಲ್ಲಿಸಿದರೆ ಎರಡೇ ಕಾಲು ಸೇರಿರುತ್ತವೆ. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಒಂದು ನಡುವಿನಲ್ಲಿ ಒಂದು ಜೋಡಿ, ಮುಂದಿನ ನಡುವಿನಲ್ಲಿ ಇನ್ನೊಂದು ಜೋಡಿ. ಎರಡು ಜೋಡಿಯಲ್ಲೂ ಇರುವ ಕಾಲೇ ಕಾಮನ್.

ಆಮೇಲೆ ಓಮಿಗೆ ತಿರುಗಿಸಿ. ಕಾಮನ್ನಿಗೆ ಒಂದು ಕಡ್ಡಿ, ಮೊದಲ ಸಿಗ್ನಲ್ಲಿಗೆ ಇನ್ನೊಂದು. ಪೂರ್ತಿ ಒಂದು ಸುತ್ತು, ಒಂದೊಂದೇ ಟಕ್. ಸೇರಿರುವ ಟಕ್ಕಿನಲ್ಲಿ ಮೀಟರ್ ಸೊನ್ನೆಯ ಹತ್ತಿರ ಬಂದು ಅಲ್ಲಾಡದೆ ನಿಲ್ಲಬೇಕು. ಇನ್ನೊಂದು ಸಿಗ್ನಲ್ಲಿಗೂ ಹಾಗೇ.

ಕಾಫಿಲೆಕ್ಕ
ಮಗಳು ವೀಲ್ ತಿರುಗಿಸಿದಳು, ನಾನು ಕಡ್ಡಿ ಹಿಡಿದೆ. ಕಾಮನ್ ಸಿಕ್ಕಿತು. ಒಂದು ಸಿಗ್ನಲ್ ಚೆನ್ನಾಗಿದೆ, ಟಕ್ ಬಿಟ್ಟು ಟಕ್ ಸೊನ್ನೆ ಬರುತ್ತದೆ. ಇನ್ನೊಂದು ಸುತ್ತಿನ ಒಂದು ಭಾಗದಲ್ಲಿ ಮಾತ್ರ ಕುಣಿಯುತ್ತದೆ. ಒಮ್ಮೆ ಇಪ್ಪತ್ತು, ಒಮ್ಮೆ ನೂರು, ಒಮ್ಮೆ ಪೂರ್ತಿ ಬಿಟ್ಟೇ ಹೋಗುತ್ತದೆ. ಎಡಕ್ಕೆ ಒತ್ತಿದರೆ ಸೊನ್ನೆಗೆ ಬರುತ್ತದೆ.

ಸೋಲ್ಡರ್‌ಹೊಗೆ
ಚೆನ್ನಾಗಿ ಅಳೆದಿದ್ದೀರಿ. ಸುತ್ತಿನ ಒಂದೇ ಜಾಗದಲ್ಲಿ ಕೆಡುತ್ತದೆ ಅಂದರೆ ಅಲ್ಲಿ ಪಟ್ಟಿ ಸವೆದಿರಬೇಕು. ತೇವವೊಂದೇ ಆಗಿದ್ದರೆ ಎರಡೂ ಸಿಗ್ನಲ್ಲು ಎಲ್ಲ ಕಡೆ ಅಷ್ಟಿಷ್ಟು ಕುಣಿಯುತ್ತಿತ್ತು ಅಂತ ನನ್ನ ಲೆಕ್ಕ.

ಬದಲಾಯಿಸುವ ಮೊದಲು ಒಂದು ಖರ್ಚಿಲ್ಲದ ಕೆಲಸ ಮಾಡಿ. ಸಣ್ಣ ಇಕ್ಕಳದಲ್ಲಿ ಲೋಹದ ಕವಚವನ್ನೂ ಹಿಂದಿನ ಪ್ಲಾಸ್ಟಿಕ್ಕನ್ನೂ ಸೇರಿಸಿ ಮೆತ್ತಗೆ ಅಮುಕಿ. ಮಡಚಿದ ಕಿವಿಗಳು ಒಂದೊಂದಾಗಿ ಬಿಗಿಯಾಗಬೇಕು. ನಾಲ್ಕು ಇದ್ದರೆ ನಾಲ್ಕನ್ನೂ ಸಮನಾಗಿ. ಪ್ರತಿ ಸಲ ಅಮುಕಿದ ಮೇಲೆ ವೀಲ್ ತಿರುಗಿಸಿ ನೋಡಿ. ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ. ಅತಿಯಾದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಇಲ್ಲವೇ ವೀಲ್ ಕಲ್ಲಿನಂತೆ ಆಗುತ್ತದೆ.

ಕಾಫಿಲೆಕ್ಕ
ಎರಡು ಕಿವಿ ನಿಜಕ್ಕೂ ಸಡಿಲ ಇದ್ದವು, ಉಗುರಲ್ಲೇ ಅಲ್ಲಾಡುತ್ತಿದ್ದವು. ಅಮುಕಿದೆ. ಈಗ ಒತ್ತಿ ಹಿಡಿಯದೆಯೂ ಬಹುಮಟ್ಟಿಗೆ ಸರಿ. ಆದರೆ ಅದೇ ಜಾಗ ಬಂದಾಗ ಒಂದು ಟಕ್ ತಪ್ಪುತ್ತದೆ. ಹಾರುವುದು ನಿಂತಿದೆ.

ಹೆತ್ತೂರುಗೇಮರ್
ಸರ್, ಈ ಹಂತದಲ್ಲಿ ಹೊಸ ಎನ್‌ಕೋಡರ್ ತರಿಸಿಬಿಡಿ. ಆನ್‌ಲೈನಿನಲ್ಲಿ ಸಿಗುತ್ತದೆ. ಬಿಡಿಭಾಗಕ್ಕಿಂತ ಕೊರಿಯರ್ ಖರ್ಚು ಜಾಸ್ತಿ, ಅದೊಂದು ಬೇಜಾರು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರೋಡಿನಲ್ಲಿ ಹುಡುಕಬಹುದು. ನಾನು ಟಿಟಿಸಿ ಕಂಪನಿಯ ಚಿನ್ನದ ಲೇಪದ್ದು ಹಾಕಿದ್ದೇನೆ. ಮಾಮೂಲಿಗಿಂತ ಬಹಳ ಬಾಳಿಕೆ ಬರುತ್ತದೆ.

ಸೋಲ್ಡರ್‌ಹೊಗೆ
ಚಿನ್ನಕ್ಕೆ ಮಬ್ಬು ಕಟ್ಟುವುದಿಲ್ಲ, ಅದು ಸರಿ. ಆದರೆ ಲೇಪ ತೆಳು, ಉಜ್ಜಿದರೆ ಅದೂ ಸವೆಯುತ್ತದೆ. ಬಾಳಿಕೆ ಎಷ್ಟು ಅಂತ ನಾನಂತೂ ಆಣೆ ಇಡುವುದಿಲ್ಲ.

ಕಾಫಿಲೆಕ್ಕ ಸರ್, ಕಂಪನಿಗಿಂತ ಎತ್ತರ ಮುಖ್ಯ. 7, 8, 9, 10, 11, 12 ಮಿಲಿಮೀಟರ್ ಹೀಗೆ ಬೇರೆ ಬೇರೆ ಬರುತ್ತವೆ. ಬೋರ್ಡಿನ ಮೇಲ್ಮೈಯಿಂದ ಎನ್‌ಕೋಡರಿನ ತಲೆಯವರೆಗೆ ಅಳೆಯಿರಿ. ಆರು ಮೂಲೆಯ ತೂತಿನ ನಡುಭಾಗಕ್ಕೆ ಎಷ್ಟು ಅಂತಲೂ ಬರೆದಿಡಿ. ಮಾರುವವರು ಕೊಟ್ಟ ಚಿತ್ರದ ಜೊತೆ ಎರಡನ್ನೂ ತಾಳೆ ನೋಡಿ. ಎತ್ತರ ತಪ್ಪಿದರೆ ವೀಲ್ ವಾಲುತ್ತದೆ, ಯಾಕೆಂದರೆ ಅಕ್ಷದ ಆ ಕಡೆ ತುದಿ ಒತ್ತು ಸ್ವಿಚ್ಚಿನ ಮೇಲೆ ಇರುತ್ತದೆ. ಒಂದೋ ವೀಲ್ ಮೇಲಿನ ಕವಚಕ್ಕೆ ಉಜ್ಜುತ್ತದೆ, ಇಲ್ಲವೇ ನಡುವಿನ ಬಟನ್ ಸುಮ್ನೆ ಒತ್ತಿಕೊಂಡೇ ಇರುತ್ತದೆ. ಹೊಸದು ಹಾಕಿದ ಮೇಲೆ ಈ ಎರಡರಲ್ಲಿ ಒಂದು ಕಂಡರೆ ಬೆಸುಗೆಯನ್ನು ಬೈಯಬೇಡಿ, ಸ್ಕೇಲ್ ಹಿಡಿಯಿರಿ.

ಬೇಲೂರುಮೇಡಂ
ಅಂದರೆ ನನ್ನ ನಡುವಿನ ಬಟನ್ ಕೆಟ್ಟಿದ್ದು ಎತ್ತರ ತಪ್ಪಿದ್ದರಿಂದಲಾ?

ಸೋಲ್ಡರ್‌ಹೊಗೆ
ನಿಮ್ಮದನ್ನು ಯಾರೂ ಬಿಚ್ಚಿಲ್ಲವಲ್ಲ ಮೇಡಂ, ಎತ್ತರ ಬದಲಾಗುವುದು ಎಲ್ಲಿಂದ? ನಿಮ್ಮದು ಆ ಪುಟ್ಟ ಸ್ವಿಚ್ಚೇ. ಬೇರೆ ಚರ್ಚೆ ಶುರುಮಾಡಿ, ಫೋಟೋ ಹಾಕಿ, ಅಲ್ಲಿ ನೋಡುತ್ತೇನೆ.

ಕಾಫಿಲೆಕ್ಕ
ತಲೆಯವರೆಗೆ ಸರಿಯಾಗಿ 11 ಬಂತು. ತರಿಸಿದ್ದೇನೆ, ಕೈಗೆ ಸಿಕ್ಕಿದೆ. ಎತ್ತರ ತಾಳೆಯಾಗಿದೆ. ಬೆಸುಗೆ ಬಿಡಿಸುವುದೇ ಭಯ. ನನ್ನ ಹತ್ತಿರ ಇರುವುದು ರೇಡಿಯೋ ಕಾಲದ 25 ವಾಟಿನ ಕಡ್ಡಿ.

ಸೋಲ್ಡರ್‌ಹೊಗೆ
25 ವಾಟಿಗೆ ಸ್ವಲ್ಪ ಕಷ್ಟ, ಆದರೂ ಆಗುತ್ತದೆ. ತೊಂದರೆ ಏನೆಂದರೆ ಮೌಸಿನಲ್ಲಿ ಇರುವುದು ಸಾಮಾನ್ಯವಾಗಿ ಸೀಸ ಇಲ್ಲದ ಬೆಸುಗೆ. ಅದು 217 ಡಿಗ್ರಿ ದಾಟಿದ ಮೇಲೇ ಕರಗುತ್ತದೆ. ಕರಗಲಿಲ್ಲ ಅಂತ ಕಡ್ಡಿಯನ್ನು ಒತ್ತಿ ಹಿಡಿದರೆ ಬೋರ್ಡಿನ ತಾಮ್ರದ ಬಳೆ ಎದ್ದು ಬರುತ್ತದೆ. ಅಗ್ಗದ ಬೋರ್ಡುಗಳಲ್ಲಿ ತಾಮ್ರ ಒಂದೇ ಪಕ್ಕ ಇರುವುದರಿಂದ ಅದು ಬೇಗ ಏಳುತ್ತದೆ.

ಅದಕ್ಕೇ ಮೊದಲು ಸೇರಿಸಿ, ಆಮೇಲೆ ತೆಗೆಯಿರಿ. 63/37 ಸೀಸದ ಬೆಸುಗೆ ಮೂರೂ ಕಾಲಿಗೆ ಧಾರಾಳವಾಗಿ ಹಾಕಿ. ಅದು 183 ಡಿಗ್ರಿಗೇ ಕರಗುತ್ತದೆ, ಹಳೆಯದರ ಜೊತೆ ಬೆರೆತು ಅದನ್ನೂ ಮೆತ್ತಗೆ ಮಾಡುತ್ತದೆ. ಸ್ವಲ್ಪ ಫ್ಲಕ್ಸ್ ಇರಲಿ. ಆಮೇಲೆ ಸಕ್ಕರ್ ಪಂಪಿನಲ್ಲಿ ಒಂದೊಂದೇ ಕಾಲು ಎಳೆಯಿರಿ. ಉಳಿದದ್ದಕ್ಕೆ ಬೆಸುಗೆ ಹೀರುವ ತಾಮ್ರದ ವಿಕ್. ಕಾಲು ತೂತಿನಲ್ಲಿ ಅಲ್ಲಾಡಿದರೆ ಮಾತ್ರ ಎನ್‌ಕೋಡರ್ ಎತ್ತಿ, ಮೀಟುವುದು ಬೇಡ. ಕೋಣೆಯ ಕಿಟಕಿ ತೆರೆದಿರಲಿ, ಕೆಲಸ ಆದ ಮೇಲೆ ಕೈ ತೊಳೆಯಿರಿ.

ಹೊಸದನ್ನು ಬೋರ್ಡಿಗೆ ಪೂರ್ತಿ ಅಂಟಿ ಕೂರಿಸಿ. ಮೊದಲು ಒಂದು ಕಾಲು ಮಾತ್ರ ಬೆಸೆಯಿರಿ. ವೀಲ್ ಇಟ್ಟು, ಅಕ್ಷ ನೇರ ಇದೆಯಾ ನೋಡಿ, ಆಮೇಲೆ ಉಳಿದೆರಡು.

ಕಾಫಿಲೆಕ್ಕ
ಆಯಿತು. ಎರಡು ಕಾಲು ಸುಲಭವಾಗಿ ಬಂದವು. ಕಾಮನ್ ಕಾಲು ಮಾತ್ರ ಬಿಡಲಿಲ್ಲ, ಕಡ್ಡಿ ಎಷ್ಟು ಹೊತ್ತು ಇಟ್ಟರೂ ತಣ್ಣಗಾಗುತ್ತಿತ್ತು. ಪೇಟೆಯ ಮೊಬೈಲ್ ರಿಪೇರಿಯ ಹುಡುಗನ ಹತ್ತಿರ ಹೋದೆ. ಅವನು ದೊಡ್ಡ ಕಡ್ಡಿಯಲ್ಲಿ ಒಂದು ಕ್ಷಣಕ್ಕೆ ತೆಗೆದ. ಹೊಸದು ಹಾಕಿ ಮೀಟರಿನಲ್ಲಿ ನೋಡಿದೆ, ಎರಡೂ ಸಿಗ್ನಲ್ ಸುತ್ತಿನ ಎಲ್ಲ ಕಡೆ ಟಕ್ ಬಿಟ್ಟು ಟಕ್ ಸೊನ್ನೆಗೆ ನಿಲ್ಲುತ್ತವೆ. ಸ್ಕ್ರೋಲ್ ಸರಿ. ಟಕ್ ಮೊದಲಿಗಿಂತ ಸ್ವಲ್ಪ ಗಟ್ಟಿ ಅನ್ನಿಸುತ್ತದೆ.

ಹಳೆಯದರ ಕಿವಿ ಎತ್ತಿ ಒಳಗೆ ನೋಡಿದೆ. ಪಟ್ಟಿಯ ಮೇಲೆ ಒಂದು ಕಡೆ ಹೊಳೆಯುವ ಗೀರು, ಅದರ ಪಕ್ಕ ಕಪ್ಪು ಗ್ರೀಸಿನ ಗುಡ್ಡೆ. ಒಂದು ಬೆರಳಿನ ತುದಿಗೆ ಹಸಿರು ಬಣ್ಣವೂ ಇದೆ.

ಸೋಲ್ಡರ್‌ಹೊಗೆ
ಕಾಮನ್ ಕಾಲನ್ನು ಹೆಚ್ಚಾಗಿ ಗ್ರೌಂಡಿನ ಅಗಲ ತಾಮ್ರಕ್ಕೆ ಸೇರಿಸಿರುತ್ತಾರೆ. ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ, 25 ವಾಟಿಗೆ ಸಾಲುವುದಿಲ್ಲ. ಗೀರು ಅಂದರೆ ಸವೆತವೇ.

ಅರಸೀಕೆರೆಗಾಳಿ
ಹಸಿರು ಬಣ್ಣ ಅಂದರೆ ತಾಮ್ರ ಕಿಲುಬು ಹಿಡಿದದ್ದು! ನಾನು ಹೇಳಿದ್ದು ತೇವ ಅಂತ.

ಸೋಲ್ಡರ್‌ಹೊಗೆ
ಒಂದು ಬೆರಳಿಗೆ ಕಿಲುಬು ಇದೆ, ಒಪ್ಪಿದೆ. ಅದು ಮಳೆಯಿಂದ ಬಂತಾ, ಕೈಯ ಬೆವರಿನಿಂದ ಬಂತಾ ಅಂತ ಆ ಬೆರಳು ಹೇಳುವುದಿಲ್ಲ. ಮೀಟರ್ ಕುಣಿದದ್ದು ಗೀರು ಇರುವ ಜಾಗದಲ್ಲಾ, ಹಸಿರು ಇರುವ ಬೆರಳಲ್ಲಾ, ಕಾಫಿಲೆಕ್ಕ ಸರ್?

ಕಾಫಿಲೆಕ್ಕ
ಅದನ್ನು ಗುರುತು ಮಾಡಿಕೊಳ್ಳದೆ ಬಿಚ್ಚಿಬಿಟ್ಟೆ ಸರ್. ಈಗ ಚೂರುಗಳೆಲ್ಲ ಒಂದು ಪೊಟ್ಟಣದಲ್ಲಿ ಇವೆ.

ಸೈಬರ್‌ಮೂಲೆ
ಆ ಗುಡ್ಡೆಯ ಗ್ರೀಸನ್ನು ಒರೆಸಿ ಹೊಸದು ಹಾಕಿದ್ದರೆ ಹಳೆಯದೇ ಓಡುತ್ತಿತ್ತಾ? ನನ್ನ ಹತ್ತಿರ ಹಾಗೇ ಬಿದ್ದಿರುವ ಮೌಸುಗಳಿವೆ, ಯಾವ ಗ್ರೀಸ್ ಅಂತ ಗೊತ್ತಿದ್ದರೆ ಹೇಳಿ.

ಸೋಲ್ಡರ್‌ಹೊಗೆ
ಗೀರು ಆಳವಿಲ್ಲದಿದ್ದರೆ ಓಡುತ್ತದೆ. ಬೆರಳುಗಳನ್ನು ಸೂಜಿಯಲ್ಲಿ ಕೂದಲೆಳೆಯಷ್ಟು ಮೇಲೆತ್ತಿದರೆ ಒತ್ತಡವೂ ವಾಪಸ್ ಬರುತ್ತದೆ. ಗಾಡಿಗೆ ಹಾಕುವ ಗ್ರೀಸು ಮಾತ್ರ ಬೇಡ. ಪ್ಲಾಸ್ಟಿಕ್ಕಿಗೆ ಆಗುವ ಸಿಲಿಕೋನ್ ಗ್ರೀಸನ್ನು ಟಕ್ ಕೊಡುವ ಹಲ್ಲಿಗೆ ಚೂರೇ ಚೂರು ಮುಟ್ಟಿಸುತ್ತೇನೆ, ಪಟ್ಟಿಗೆ ಏನೂ ಹಚ್ಚುವುದಿಲ್ಲ. ಪಟ್ಟಿಗೂ ಹಚ್ಚಬೇಕು ಎನ್ನುವವರು ಇದ್ದಾರೆ.

ಹೆತ್ತೂರುಗೇಮರ್
ಅವರಲ್ಲಿ ನಾನೂ ಒಬ್ಬ. ಕಾಂಟ್ಯಾಕ್ಟಿಗೇ ಅಂತ ಬರುವ ಗ್ರೀಸು ತೆಳುವಾಗಿ ಹಚ್ಚಿದ್ದೇನೆ, ಇದುವರೆಗೆ ಒಂದೂ ಟಕ್ ತಪ್ಪಿಲ್ಲ.